ಹೆಸರು ಹಿಡಿದು ಕೇಳೋದನ್ನು ಬಿಟ್ಟ ಮೇಲೆ

ಮೀಟಿಂಗ್‌ನಲ್ಲಿ ಸುಮ್ಮನೆ ಕೂತವರ ಹೆಸರು ಹಿಡಿದು "ನೀವೇನಂತೀರಿ?" ಅಂತ ಕೇಳಿದರೆ ಅವರಿಗೆ ಉಪಕಾರ ಮಾಡಿದ ಹಾಗೆ ಅಂದುಕೊಂಡಿದ್ದೆ. ಒಂದು ದಿನ ನಮ್ಮ ಟೆಸ್ಟರ್‌ಗೆ ಹಾಗೇ ಕೇಳಿದೆ. ಒಂದೇ ಆರ್ಡರಿಗೆ ಗ್ರಾಹಕರ ದುಡ್ಡು ಎರಡು ಸಲ ಕಟ್ ಆಗ್ತಿದೆ ಅನ್ನೋ ದೂರು ಬಂದಿತ್ತು, ಅದರದ್ದೇ ಚರ್ಚೆ. ಎಲ್ಲರೂ ಒಟ್ಟಿಗೆ ಅವರತ್ತ ತಿರುಗಿದರು. ಅವರು ಪೆನ್ನಿನ ಕ್ಯಾಪ್ ತೆಗೆದು, ಹಾಕಿ, ಮತ್ತೆ ತೆಗೆದು, "ಏನಿಲ್ಲ ಸರ್, ಎಲ್ಲರೂ ಹೇಳಿದ್ದಾರಲ್ಲ" ಅಂದರು.

ಅವತ್ತು ರಾತ್ರಿ ಅವರಿಂದ ಉದ್ದನೆಯ ಮೆಸೇಜ್ ಬಂತು. ನೆಟ್‌ವರ್ಕ್ ನಿಧಾನ ಇದ್ದಾಗ ಬಟನ್ ಒತ್ತಿದರೂ ಪರದೆ ಬದಲಾಗಲ್ಲ, ಜನ ಇನ್ನೊಂದು ಸಲ ಒತ್ತುತ್ತಾರೆ, ಸರ್ವರ್ ಅದನ್ನ ಹೊಸ ಪಾವತಿ ಅಂತಲೇ ತಗೊಳ್ಳುತ್ತೆ. ನಾವು ಒಂದು ಗಂಟೆ ಬ್ಯಾಂಕನ್ನು ಬೈದುಕೊಂಡು ಕೂತಿದ್ದೆವು!

ಅವರ ಹತ್ತಿರ ವಿಷಯ ಇರಲಿಲ್ಲ ಅಂತಲ್ಲ. ಅದನ್ನು ಮನಸ್ಸಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಬೇರೆಯವರು ಶುರು ಮಾಡಿಬಿಡುತ್ತಿದ್ದರು. ಇದು ಬರೀ ಸಂಕೋಚದ ಮಾತೂ ಅಲ್ಲ. ಒಬ್ಬೊಬ್ಬರೇ ಕೂತು ಯೋಚಿಸಿದವರಿಗಿಂತ ಗುಂಪಾಗಿ ಮಾತಾಡಿದವರಿಗೆ ಕಡಿಮೆ ಐಡಿಯಾ ಬರೋದಕ್ಕೆ, ತಮ್ಮ ಸರದಿಗೆ ಕಾಯಬೇಕಾಗಿರೋದೇ ದೊಡ್ಡ ಕಾರಣ ಅಂತ 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದರು.

ಈಗ ಪ್ರಶ್ನೆಯನ್ನು ಹಿಂದಿನ ದಿನವೇ ಕಳಿಸುತ್ತೇನೆ, ಒಂದೇ ಸಾಲಲ್ಲಿ. ಮೀಟಿಂಗ್‌ನ ಮೊದಲ ಎಂಟು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ಬರೆಯೋದಷ್ಟೇ. ಮೊದಲ ಸಲ ಎಲ್ಲರಿಗೂ ಒಂದೇ ಡಾಕ್ಯುಮೆಂಟ್ ತೆರೆದುಕೊಟ್ಟು ಎಡವಿದೆ. ಸೀನಿಯರ್ ಇಬ್ಬರು ಪಟಪಟ ಟೈಪ್ ಮಾಡಿದರು, ಮಿಕ್ಕವರು ಅದನ್ನೇ ತಿರುವಿ ಬರೆದರು, ನಮ್ಮ ಟೆಸ್ಟರ್ ಅವರ ಕರ್ಸರ್ ಮಾತ್ರ ಒಂದೇ ಕಡೆ ಮಿಣುಕುತ್ತಾ ಇತ್ತು. ಹಾಗಾಗಿ ಈಗ ಬರೆದದ್ದು ನೇರ ನನಗೆ ಬರುತ್ತೆ. ಹೆಸರು ತೆಗೆದು, ಹಿಂದುಮುಂದು ಮಾಡಿ ಪರದೆಗೆ ಹಾಕುತ್ತೇನೆ. ನನ್ನದು ಕೊನೆಗೆ. ಮೇಲೆ ಹಾಕಿದರೆ ಚರ್ಚೆ ಅಲ್ಲೇ ಮುಗಿಯುತ್ತೆ, ಅದು ಎಂಥಾ ಐಡಿಯಾ ಆದರೂ ಸರಿ.

ಓದುವಾಗ "ಇದು ಯಾರದ್ದು?" ಅನ್ನಲ್ಲ. "ಬರೆದವರು ಬೇಕಿದ್ದರೆ ವಿವರಿಸಿ" ಅಂದು ಸ್ವಲ್ಪ ಕಾಯುತ್ತೇನೆ. ಯಾರೂ ಬಾಯಿಬಿಡದಿದ್ದರೆ ಮುಂದಿನದಕ್ಕೆ ಹೋಗಿ, ಆಮೇಲೆ ಮೆಸೇಜ್‌ನಲ್ಲಿ ಕೇಳುತ್ತೇನೆ: "ನಿಮ್ಮ ಪಾಯಿಂಟ್ ನಾಳೆ ಎತ್ತಲಾ? ನಿಮ್ಮ ಹೆಸರು ಹೇಳಲಾ, ಬೇಡವಾ?" ಬೇಡ ಅಂದರೆ ಬೇಡ.

ಎಂಟು ಜನರ ಟೀಮಿನಲ್ಲಿ ಬರವಣಿಗೆ ನೋಡಿಯೇ ಯಾರದ್ದೆಂದು ಗೊತ್ತಾಗುತ್ತೆ, ಅದನ್ನು ಪೂರ್ತಿ ಮುಚ್ಚೋಕಾಗಲ್ಲ. ಸರ್ವರ್ ಬಿದ್ದು ಎಲ್ಲರೂ ಓಡಾಡ್ತಿರುವಾಗ ಎಂಟು ನಿಮಿಷ ಬರೆಯುತ್ತಾ ಕೂರೋಕೂ ಆಗಲ್ಲ. ನಮ್ಮ ಟೆಸ್ಟರ್ ಈಗಲೂ ಮೀಟಿಂಗ್‌ನಲ್ಲಿ ಹೆಚ್ಚು ಮಾತಾಡಲ್ಲ. ಹೋದ ವಾರ ಮಾತ್ರ ತಮ್ಮ ಸಾಲು ಪರದೆಗೆ ಬಂದಾಗ, "ಅದು ನಂದು, ಒಂದು ತಿದ್ದುಪಡಿ ಇದೆ" ಅಂದರು.