ಶುಗರ್ ಲೋ ಆಗಿದೆ ಅಂದ್ಕೊಂಡ ಬೆಳಗ್ಗೆ

ಹೋದ ವರ್ಷ ಕಾರ್ತೀಕದ ಒಂದು ಭಾನುವಾರ, ಬೆಳಗ್ಗೆ ಐದೂವರೆಗೆ ಅಮ್ಮ ಅಡುಗೆಮನೆ ಬಾಗಿಲು ಹಿಡ್ಕೊಂಡು ನಿಂತು "ಹಸುಗೆ ಹುಲ್ಲು ಹಾಕಿದ್ಯೇನೋ" ಅಂತ ಕೇಳಿದ್ಲು. ನಮ್ಮನೇಲಿ ಹಸು ಮಾರಿ ಆರು ವರ್ಷ ಆಗಿತ್ತು. ನಿದ್ದೆಗಣ್ಣಲ್ಲಿ ಮಾತಾಡ್ತಿದಾಳೆ ಅಂದ್ಕೊಂಡು ಕೈ ಹಿಡಿದು ಮಂಚಕ್ಕೆ ಕರ್ಕೊಂಡು ಬಂದೆ, ಆಗ್ಲೇ ಗೊತ್ತಾಗಿದ್ದು ಕೈ ಐಸ್ ಥರ ಇದೆ, ಅಂಗೈಯೆಲ್ಲ ಒದ್ದೆ, ಅಂಟಂಟು.

ಅಮ್ಮನಿಗೆ 68, ಶುಗರ್ ಬಂದು ಹದಿನೈದು ವರ್ಷ. ಬೆವರು, ತಣ್ಣನೆ ಮೈ, ತಪ್ಪು ತಪ್ಪು ಮಾತು, ಇವು ಮೂರೂ ಒಟ್ಟಿಗೆ ಬಂದ್ರೆ ಶುಗರ್ ಲೋ ಅಂತ ನಮಗೆ ಯಾವತ್ತೋ ಹೇಳ್ಕೊಟ್ಟಿದ್ರು, ಅದಕ್ಕೆ ನನ್ನ ಹೆಂಡತಿ ಓಡಿಹೋಗಿ ಸಕ್ಕರೆ ನೀರು ತಂದು ಕುಡಿಸಿದ್ಲು. ಆಮೇಲೆ ಮೆಷಿನ್ನಲ್ಲಿ ಚೆಕ್ ಮಾಡಿದ್ರೆ 286. ಸಕ್ಕರೆ ನೀರು ಕುಡಿದು ಎರಡು ನಿಮಿಷಕ್ಕೆ ಅಷ್ಟು ಏರಲ್ಲ, ಮೊದಲೇ ಜಾಸ್ತಿ ಇತ್ತು. ಅಂದ್ರೆ ಇದು ಬೇರೇನೋ. ಆದ್ರೆ ಏನು ಅಂತ ನನಗೆ ಹೊಳೀಲಿಲ್ಲ, ಯಾಕಂದ್ರೆ ಹಿಂದಿನ ದಿನಾನೇ ಜ್ವರ ಬಿಟ್ಟಿತ್ತಲ್ಲ.

ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಆ ವಾರ ಮಂಗಳವಾರದಿಂದ ಅಮ್ಮನಿಗೆ ಉರಿಮೂತ್ರ. ಉಷ್ಣ ಆಗಿದೆ ಅಂತ ತಾನೇ ಬಾರ್ಲಿ ನೀರು ಮಾಡ್ಕೊಂಡು ಕುಡೀತಿದ್ಲು, ನನಗೆ ಹೇಳಿದ್ದು ಗುರುವಾರ, ಚಳಿ ಹಿಡಿದು ನಡುಗೋಕೆ ಶುರುವಾದ್ಮೇಲೆ. ಊರಿನ ಡಾಕ್ಟ್ರು ಮೂತ್ರದ ಇನ್ಫೆಕ್ಷನ್ ಅಂತ ಐದು ದಿನಕ್ಕೆ ಆಂಟಿಬಯೋಟಿಕ್ ಬರೆದುಕೊಟ್ರು. ಶುಕ್ರವಾರ ತಗೊಂಡ್ಲು, ಶನಿವಾರ ಬೆಳಗ್ಗೆ ಹೊಟ್ಟೆ ತೊಳೆಸಿದ ಹಾಗಾಗುತ್ತೆ ಅಂತ ಬಿಟ್ಟುಬಿಟ್ಲು. ನಾನು ಜೋರು ಮಾಡ್ಲಿಲ್ಲ. ಜ್ವರದ ಮಾತ್ರೆ ಮಾತ್ರ ನುಂಗ್ತಿದ್ಲು, ಸಾಯಂಕಾಲಕ್ಕೆ ಮೈ ತಣ್ಣಗಾಯ್ತು, ನಾವೆಲ್ಲ ಸದ್ಯ ಇಳೀತು ಅಂತ ನೆಮ್ಮದಿಯಾಗಿ ಮಲಗಿದ್ವಿ.

ಪಕ್ಕದ ಮನೆ ಅಕ್ಕ ನರ್ಸ್ ಆಗಿ ರಿಟೈರ್ ಆದೋರು. ಹೆಂಡತಿ ಹೋಗಿ ಕರ್ಕೊಂಡು ಬಂದ್ಲು. ಕೊರೋನಾ ಟೈಮಲ್ಲಿ ತಗೊಂಡಿದ್ದ ಬೆರಳಿಗೆ ಹಾಕೋ ಮೆಷಿನ್ ಹುಡುಕಿ ಹಾಕಿದ್ದೆ, ಬೆರಳು ತಣ್ಣಗಿದ್ದಿದ್ದಕ್ಕೋ ಏನೋ ಮೊದಲು ನಂಬರ್ರೇ ಬರ್ಲಿಲ್ಲ, ಅಂಗೈ ಉಜ್ಜಿ ಬಿಸಿ ಮಾಡಿದ್ಮೇಲೆ ಆಕ್ಸಿಜನ್ 95 ತೋರಿಸ್ತು, ಪಲ್ಸ್ 122. "ಆಕ್ಸಿಜನ್ ಸರಿ ಇದೆ ಅಕ್ಕ" ಅಂದೆ. ಅವ್ರು ನನ್ನ ಮಾತು ಕೇಳಿಸ್ಕೊಳ್ಳದೇ ಇದ್ದ ಹಾಗೆ ಗಡಿಯಾರ ನೋಡ್ತಾ, ಅಮ್ಮನ ಹೊಟ್ಟೆ ಮೇಲೆ ಕಣ್ಣಿಟ್ಟು ಪೂರ್ತಿ ಒಂದು ನಿಮಿಷ ಸುಮ್ಮನೆ ನಿಂತಿದ್ರು. "ಮೂವತ್ತೊಂದು ಸಲ ಉಸಿರಾಡಿದಾರೆ ಕಣಪ್ಪ. ಸುಮ್ಮನೆ ಮಲಗಿರೋ ಮನುಷ್ಯರಿಗೆ ಇಪ್ಪತ್ತು ದಾಟಬಾರದು" ಅಂದ್ರು. ನಾನು ಅರ್ಧ ಗಂಟೆಯಿಂದ ಅಲ್ಲೇ ಕೂತಿದ್ದೆ, ನನಗೆ ಅದು ಕಂಡೇ ಇರ್ಲಿಲ್ಲ. ಏದುಸಿರು ಅಂದ್ರೆ ಶಬ್ದ ಬರುತ್ತೆ, ಒದ್ದಾಡ್ತಾರೆ ಅಂತ ನನ್ನ ಲೆಕ್ಕ. ಇದು ಸದ್ದಿಲ್ಲದೆ ಬೇಗ ಬೇಗ ನಡೀತಿತ್ತು ಅಷ್ಟೇ.

ಆಮೇಲೆ ಅಮ್ಮನ ಬೆರಳ ತುದಿ ಐದು ಸೆಕೆಂಡ್ ಒತ್ತಿಹಿಡಿದು ಬಿಟ್ರು. ಒತ್ತಿದ ಜಾಗ ಬಿಳಿಚ್ಕೊಂಡು, ಬಿಟ್ಟ ಮೇಲೆ ಎರಡು ಮೂರು ಸೆಕೆಂಡಲ್ಲಿ ಬಣ್ಣ ವಾಪಸ್ ಬರ್ಬೇಕಂತೆ, ಅಮ್ಮನಿಗೆ ತುಂಬಾ ಹೊತ್ತು ಹಿಡೀತು. ನಮ್ಮ ಥರ ಕಪ್ಪು ಚರ್ಮದಲ್ಲಿ ಮೈ ಬಣ್ಣ ಬದಲಾಗಿದ್ದು ಗೊತ್ತಾಗಲ್ಲ, ತುಟಿ, ಅಂಗೈ, ಉಗುರು ನೋಡ್ಬೇಕು ಅಂದ್ರು. ಬಿಪಿ 84ಕ್ಕೆ 50. "ರಾತ್ರಿಯಿಂದ ಒಂದಕ್ಕೆ ಹೋಗಿದಾರಾ?" ಅಂತ ಕೇಳಿದ್ರು. ನಾವು ಮೂರು ಜನ ಮುಖ ಮುಖ ನೋಡ್ಕೊಂಡ್ವಿ, ಯಾರಿಗೂ ಗೊತ್ತಿಲ್ಲ.

108ಕ್ಕೆ ಫೋನ್ ಮಾಡುವಾಗ ನಾನು "ಅಮ್ಮಂಗೆ ತುಂಬಾ ಸುಸ್ತು" ಅಂತ ಶುರು ಮಾಡಿದ್ದೆ, ಅಕ್ಕ ಪಕ್ಕದಿಂದ ತಡೆದು ಹೇಗೆ ಹೇಳ್ಬೇಕು ಅಂತ ಹೇಳ್ಕೊಟ್ರು: ಮೂತ್ರದ ಇನ್ಫೆಕ್ಷನ್ ಇತ್ತು, ಬೆಳಗ್ಗೆಯಿಂದ ಮಾತು ತಪ್ತಿದೆ, ಉಸಿರು 31, ಬಿಪಿ 84, ಸೆಪ್ಸಿಸ್ ಅಂತ ಅನುಮಾನ. ಅವತ್ತಿನ ಬಿಪಿ ಮಾತ್ರೆ ಕೊಡಬೇಡಿ ಅಂತಾನೂ ಹೇಳಿ ಕಳಿಸಿದ್ರು. ಹಾಸನದ ಆಸ್ಪತ್ರೆ ಮುಟ್ಟೋವಾಗ ಎಂಟು ಗಂಟೆ. ಅಲ್ಲೂ ನಾನು ಅದನ್ನೇ ಒಪ್ಪಿಸಿದೆ.

ಕ್ಯಾಶುವಾಲ್ಟಿಲಿ ರಿಪೋರ್ಟ್ ಬರ್ಲಿ ನೋಡೋಣ ಅಂತ ಕಾಯ್ಲಿಲ್ಲ. ಎರಡು ಕೈಗೂ ಸೂಜಿ ಹಾಕಿ, ಕಲ್ಚರ್‌ಗೆ ಅಂತ ಬಾಟ್ಲಿಗಳಿಗೆ ರಕ್ತ ತಗೊಂಡು, ತಕ್ಷಣ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ರು. ಮೊದಲು ರಕ್ತ, ಆಮೇಲೆ ಔಷಧಿ, ಇಲ್ದಿದ್ರೆ ಯಾವ ರೋಗಾಣು ಅಂತ ಕಲ್ಚರಲ್ಲಿ ಸಿಗದೇ ಹೋಗ್ಬಹುದಂತೆ. ತೂಕ ಕೇಳಿದ್ರು, 54 ಕೇಜಿ ಅಂದೆ, ಕೇಜಿಗೆ ಮೂವತ್ತು ಎಂಎಲ್ ಲೆಕ್ಕದಲ್ಲಿ ಮೂರು ಗಂಟೆ ಒಳಗೆ ಒಂದೂವರೆ ಲೀಟರ್ ಮೇಲೆ ಸಲೈನ್ ಹೋಯ್ತು. ಅಷ್ಟಾದ್ರೂ ಬಿಪಿ ನಿಲ್ಲದೆ ಐಸಿಯುಗೆ ಹಾಕಿ ಪಂಪಲ್ಲಿ ಬಿಪಿ ಏರಿಸೋ ಔಷಧಿ ನಾರ್‌ಅಡ್ರಿನಲಿನ್ ಶುರು ಮಾಡಿದ್ರು. ಟೆಂಪರೇಚರ್ 96.4 ಇತ್ತು. ಜ್ವರಾನೇ ಇಲ್ಲ.

"ಜ್ವರ ಬಿಟ್ಟಿತ್ತಲ್ಲ ಡಾಕ್ಟ್ರೇ" ಅಂತ ನಾನು ಎರಡು ಸಲ ಕೇಳಿದೆ. ರಾತ್ರಿ ಡ್ಯೂಟಿಗೆ ಬಂದ ಡಾಕ್ಟ್ರು, ಚಿಕ್ಕ ವಯಸ್ಸಿನ ಹುಡುಗಿ, ನಿಂತು ಬಿಡಿಸಿ ಹೇಳಿದ್ರು. ಇನ್ಫೆಕ್ಷನ್ ಮೂತ್ರದಲ್ಲಿದ್ರೂ ಅದರ ವಿರುದ್ಧ ಹೋರಾಡೋಕೆ ಹೋದ ದೇಹ ಹಿಡಿತ ತಪ್ಪಿ ತನಗೇ ಏಟು ಕೊಡೋಕೆ ಶುರು ಮಾಡಿದೆ, ಅದೇ ಸೆಪ್ಸಿಸ್. ರಕ್ತನಾಳ ಸಡಿಲ ಆಗಿ ನೀರು ಹೊರಗೆ ಸೋರುತ್ತೆ, ಬಿಪಿ ಬೀಳುತ್ತೆ. ಇರೋ ರಕ್ತಾನ ಹೃದಯ, ಮೆದುಳಿಗೆ ಉಳಿಸೋಕೆ ದೇಹ ಕೈಕಾಲಿಂದ ವಾಪಸ್ ಎಳ್ಕೊಳ್ಳುತ್ತೆ, ಅದಕ್ಕೆ ಕೈ ತಣ್ಣಗೆ, ಬೆವರು. ಅದೂ ಸಾಲದೆ ಮೆದುಳಿಗೆ ಕಮ್ಮಿ ಆದಾಗ ಇಲ್ಲದ ಹಸು ನೆನಪಾಗುತ್ತೆ. ರಕ್ತ ಸಾಲದ ಕಡೆ ಲ್ಯಾಕ್ಟೇಟ್ ಅನ್ನೋ ಆಮ್ಲ ಜಮಾ ಆಗುತ್ತೆ, ಎರಡರ ಒಳಗಿರ್ಬೇಕಾದ್ದು ಅಮ್ಮನಿಗೆ 4.6 ಇತ್ತು. ರಕ್ತದ ಹುಳಿ ಇಳಿಸೋಕೆ ಶ್ವಾಸಕೋಶ ಬೇಗ ಬೇಗ ಗಾಳಿ ಹೊರಗೆ ಹಾಕುತ್ತೆ, ಅದಕ್ಕೇ ಆಕ್ಸಿಜನ್ 95 ಇದ್ರೂ ಉಸಿರು ಮೂವತ್ತೊಂದು. ವಯಸ್ಸಾದೋರಿಗೆ, ಶುಗರ್ ಇರೋರಿಗೆ ಜ್ವರ ಬರದೇನೂ ಇರ್ಬಹುದು, ಮೈ ಇನ್ನೂ ತಣ್ಣಗಾಗ್ಬಹುದು, ಜ್ವರದ ಮಾತ್ರೆ ಬೇರೆ ಅದನ್ನ ಮುಚ್ಚಿಡುತ್ತೆ ಅಂದ್ರು. ಗೊಂದಲದ ಮಾತು ಸ್ಟ್ರೋಕಲ್ಲೂ ಬರುತ್ತೆ, ಶುಗರ್ ಲೋ ಆದ್ರೂ ಬರುತ್ತೆ, ಶುಗರ್ ಚೆಕ್ ಮಾಡಿದ್ದು ತಪ್ಪಲ್ಲ, ಆದ್ರೆ ಅದು ಅಲ್ಲ ಅಂತ ಗೊತ್ತಾದ್ಮೇಲೆ ಮನೇಲಿ ಕೂರೋ ಹಾಗಿಲ್ಲ ಅಂದ್ರು.

ಮೂರನೇ ದಿನ ಕಲ್ಚರಲ್ಲಿ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಅಂತ ಬಂತು, ಅದಕ್ಕೆ ತಕ್ಕ ಹಾಗೆ ಔಷಧಿ ಬದಲಾಯಿಸಿದ್ರು. ಐಸಿಯುಲಿ ನಾಲ್ಕು ದಿನ, ಒಟ್ಟು ಹನ್ನೊಂದು. ಮನೆಗೆ ಬಂದ್ಮೇಲೂ ತಿಂಗಳುಗಟ್ಟಲೆ ಸುಸ್ತು, ಬಾಚಣಿಗೆ ತುಂಬಾ ಕೂದಲು, ಎರಡು ಮೆಟ್ಟಿಲು ಹತ್ತಿದ್ರೆ ಕೂತ್ಕೋತಿದ್ಲು. ಹಸು ಕೇಳಿದ್ದು ಅವಳಿಗೆ ನೆನಪೇ ಇಲ್ಲ.

ಡಿಸ್ಚಾರ್ಜ್ ದಿನ ಅದೇ ಡಾಕ್ಟ್ರು ಇನ್ನೊಂದು ಮಾತು ಹೇಳಿದ್ರು: ಬಿಪಿ ನೂರು ಅಂದ್ರೆ ಕೆಲವರಿಗೆ ದಿನಾ ಇರೋದೇ, ಆದ್ರೆ ಯಾವಾಗ್ಲೂ ನೂರ ನಲವತ್ತು ಇರೋ ನಿಮ್ಮಮ್ಮನಿಗೆ ನೂರು ಅಂದ್ರೆ ಕುಸಿದಿದೆ ಅಂತ ಅರ್ಥ, ಚೆನ್ನಾಗಿದ್ದಾಗ ಎಷ್ಟಿರುತ್ತೆ ಅಂತ ಮನೆಯವರಿಗೆ ಗೊತ್ತಿರ್ಬೇಕು. ಬಿಪಿ ಮೆಷಿನ್ ಡಬ್ಬದ ಮುಚ್ಚಳದ ಒಳಗೆ ಚೀಟಿ ಅಂಟಿಸಿದೀನಿ, ಬಿಪಿ 138, ಪಲ್ಸ್ 76, ಉಸಿರು 16. ಹೋದ ತಿಂಗಳು ಮತ್ತೆ ಉರಿ ಅಂದ್ಲು, ಈ ಸಲ ಮೊದಲ ದಿನಾನೇ. ಮೂತ್ರ ಟೆಸ್ಟಿಗೆ ಕೊಟ್ಟು ಬಂದು, ಆ ಏಳು ದಿನ ಮಾತ್ರೆ ಮುಗಿಯೋ ತನಕ ದಿನಾ ರಾತ್ರಿ ಅವಳು ಮಲಗಿದ್ಮೇಲೆ ಹೋಗಿ ಮಂಚದ ಪಕ್ಕ ನಿಂತು, ಒಂದು ನಿಮಿಷ, ಎಣಿಸ್ತಿದ್ದೆ.