ಅರ್ಧ ಅರ್ಧ ಇದ್ದರೂ ಕೂಡದ ಕಾಗದ

ಈ ಭಾನುವಾರ ಮುಂಬೈಯ ಮುಲುಂಡಿನ ಸೊಸೈಟಿ ಹಾಲ್‌ನಲ್ಲಿ ನಡೆದ ಎರಡನೇ ಕ್ಲಾಸಿನ ಮಕ್ಕಳ ಕನ್ನಡ ತರಗತಿಯಲ್ಲಿ, ಕಾಗದ ಮಡಿಚಿ ಸಮಮಿತಿ ನೋಡುತ್ತಿದ್ದಾಗ, ಒಬ್ಬ ಹುಡುಗಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಟೀಚರ್, ಅರ್ಧ ಅರ್ಧಾನೇ ಇದೆಯಲ್ಲ, ಮತ್ತೆ ಯಾಕೆ ಕೂಡಲ್ಲ?"

ಅವಳ ಕೈಯಲ್ಲಿದ್ದದ್ದು 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಬಣ್ಣದ ಕಾಗದ. ಇಲ್ಲಿನ ಮರಾಠಿ ಶಾಲೆಗಳಲ್ಲಿ ಘೋಟೀವ್ ಕಾಗದ ಅಂತಾರಲ್ಲ, ಒಂದು ಕಡೆ ಹೊಳೆಯುವ ಬಣ್ಣ, ಇನ್ನೊಂದು ಕಡೆ ಬಿಳಿ, ಅದು. ಉದ್ದಕ್ಕೆ ಮಡಿಚಿದಾಗ ಅಂಚು ಕೂಡಿತು, ಅಡ್ಡಕ್ಕೆ ಮಡಿಚಿದಾಗಲೂ ಕೂಡಿತು. ಮೂಲೆಯಿಂದ ಮೂಲೆಗೆ ಮಡಿಚಿದಾಗ ಮಾತ್ರ ಎರಡು ಮೂಲೆಗಳು ಬೆಕ್ಕಿನ ಕಿವಿಯ ಹಾಗೆ ಬೇರೆ ಬೇರೆ ನಿಂತವು. ಕಿವಿಗಳ ನಡುವೆ ಸುಮಾರು 7 ಸೆಂಟಿಮೀಟರ್ ಅಂತರ. ಕೈ ತಪ್ಪಿ ಆಗುವ ಒಂದೆರಡು ಮಿಲಿಮೀಟರಿನ ಏರುಪೇರಲ್ಲ ಇದು. ಚೌಕ ಕಾಗದ ಕೊಟ್ಟಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ, ಅದು ಮೂಲೆಗೂ ಕೂಡುತ್ತದೆ. ಅದಕ್ಕೇ ಮೊದಲು ಆಯತವನ್ನೇ ಕೊಡಬೇಕು.

ಸಹಾಯಕ್ಕೆ ಬಂದಿದ್ದ ಹಿರಿಯರೊಬ್ಬರು ಪಾಪ, ಒಳ್ಳೆಯವರೇ. ಆದರೆ "ಸರಿಯಾಗಿ ಮಡಚು ಮಗು, ಅರ್ಧ ಮಾಡೋಕೆ ಬರಲ್ವಾ?" ಅಂದುಬಿಟ್ಟರು. ಅವಳು ಸರಿಯಾಗಿಯೇ ಮಡಿಚಿದ್ದಳು. ತಪ್ಪಿದ್ದದ್ದು ಬೆಳಗ್ಗೆಯಿಂದ ನಾವೆಲ್ಲ ಹೇಳುತ್ತಿದ್ದ "ಅರ್ಧ ಮಾಡಿ" ಅನ್ನುವ ಮಾತಿನಲ್ಲಿ. ಆ ಓರೆಗೆರೆ ಕಾಗದವನ್ನು ನಿಜಕ್ಕೂ ಅರ್ಧವೇ ಮಾಡುತ್ತದೆ. ಸಮಮಿತಿಗೆ ಅಷ್ಟೇ ಸಾಲದು, ಒಂದು ಅರ್ಧ ಮಗುಚಿ ಇನ್ನೊಂದರ ಮೇಲೆ ಕೂರಬೇಕು. ಮಕ್ಕಳಿಗೆ "ಅರ್ಧ ಮಾಡಿ" ಅನ್ನುವುದಕ್ಕಿಂತ "ಅಂಚಿಗೆ ಅಂಚು ಕೂಡುತ್ತಾ ನೋಡಿ" ಅನ್ನುವುದು ಮೇಲು.

ಬಾಯಲ್ಲಿ ಹೇಳಿದರೆ ಎರಡನೇ ಕ್ಲಾಸಿಗೆ ಇದು ತಲೆಗೆ ಹೋಗುವುದಿಲ್ಲ. ಕತ್ತರಿ ಬೇಕು. ಆ ಓರೆಗೆರೆಯ ಮೇಲೇ ಕತ್ತರಿಸಿ, ಎರಡು ತ್ರಿಕೋನಗಳನ್ನೂ ಬಣ್ಣ ಮೇಲಾಗಿ ಇಡಿಸಿದೆವು. ಒಂದನ್ನು ನೆಲದ ಮೇಲೇ ಜಾರಿಸಿ ಅರ್ಧ ಸುತ್ತು ತಿರುಗಿಸಿದಾಗ ಇನ್ನೊಂದರ ಮೇಲೆ ಸರಿಯಾಗಿ ಕೂತಿತು, ಬಣ್ಣ ಮೇಲೆಯೇ ಇತ್ತು. ಅದೇ ಮಡಿಕೆಯ ಗೆರೆಗೆ ಮಗುಚಿ ಹಾಕಿದರೆ ಬಿಳಿ ಮೇಲೆ ಬಂತು, ಕಿವಿಗಳೂ ಮರಳಿ ಬಂದವು. ಎರಡೂ ಕಡೆ ಒಂದೇ ಬಣ್ಣದ ಕಾಗದವಾಗಿದ್ದರೆ ತಿರುಗಿಸಿದ್ದೋ ಮಗುಚಿದ್ದೋ ಮಗುವಿಗೆ ಗೊತ್ತೇ ಆಗುವುದಿಲ್ಲ. ಹುಡುಗಿ ಬಿಳಿ ಮುಖವನ್ನೂ ಬಣ್ಣದ ಮುಖವನ್ನೂ ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ ನೋಡಿದಳು, ಮಾತಾಡಲಿಲ್ಲ.

ಕನ್ನಡಿ ತಂದದ್ದು ಇನ್ನೊಂದು ಎಡವಟ್ಟು. ಓರೆಗೆರೆಯ ಮೇಲೆ ಪುಟ್ಟ ಕನ್ನಡಿ ನಿಲ್ಲಿಸಿದರೆ ಕಾಗದ ಅರ್ಧ, ಬಿಂಬ ಅರ್ಧ ಸೇರಿ ಚೆಂದದ ಗಾಳಿಪಟ ಕಾಣುತ್ತದೆ. ಮಕ್ಕಳು "ಕೂಡ್ತು, ಕೂಡ್ತು!" ಅಂತ ಕೂಗಿದರು. ಕನ್ನಡಿ ಯಾವ ಗೆರೆಗೂ ಇಲ್ಲ ಅನ್ನುವುದಿಲ್ಲವಲ್ಲ. ಬಿಂಬ ನೋಡಿದ ಮೇಲೆ ಕನ್ನಡಿ ಎತ್ತಿ, ಅದರ ಹಿಂದೆ ಇದ್ದದ್ದೂ ಹಾಗೇ ಇದೆಯಾ ಅಂತ ನೋಡಿಸದಿದ್ದರೆ ಕನ್ನಡಿ ಕೊಟ್ಟು ಪ್ರಯೋಜನವಿಲ್ಲ.

ಎಲೆಗಳದ್ದು ಬೇರೆ ಪಾಡು. ದಸರಾಕ್ಕೆ ಬಂಗಾರ ಅಂತ ಹಂಚುವ ಆಪ್ಟಾ ಎಲೆ ನಡುನರದ ಮೇಲೆ ಪುಸ್ತಕದಂತೆ ತಾನೇ ಮಡಚಿಕೊಳ್ಳುತ್ತದೆ. ಬೇವಿನದು ಹಾಗಲ್ಲ. ನಡುವೆ ನರವಿದೆ, ಆದರೆ ಎಲೆ ಕುಡುಗೋಲಿನಂತೆ ಬಾಗಿದೆ, ಬುಡದಲ್ಲಿ ಒಂದು ಮಗ್ಗುಲು ಅಗಲ, ಇನ್ನೊಂದು ಕಿರಿದು. ಒಣ ಎಲೆ ಮಡಿಚಿದರೆ ನರದಲ್ಲೇ ಮುರಿಯುತ್ತದೆ, ಹಾಗಾಗಿ ಎಲೆಯನ್ನು ಹಾಳೆಯ ಮೇಲಿಟ್ಟು ಅಂಚು ಬರೆದು, ನಡುನರದ ಎರಡು ತುದಿ ಗುರುತಿಸಿ, ಆ ಗೆರೆಗೆ ಹಾಳೆ ಮಡಿಚಿ ಕಿಟಕಿ ಬೆಳಕಿಗೆ ಹಿಡಿಸಬೇಕು. ಆಪ್ಟಾದಲ್ಲಿ ಎರಡು ಗೆರೆ ಹೆಚ್ಚುಕಡಿಮೆ ಒಂದಾಗಿ ಕಂಡವು. ಎಲೆಗೆ ಕೂದಲೆಳೆ ಲೆಕ್ಕ ಹಿಡಿಯಬಾರದು, ಎರಡು ಮಿಲಿಮೀಟರ್ ಬಿಟ್ಟುಬಿಡಬೇಕು. ಬೇವಿನ ಬುಡದಲ್ಲಿ ಮಾತ್ರ ಗೆರೆಗಳು ಸ್ಪಷ್ಟವಾಗಿ ಬೇರೆಯಾಗಿಯೇ ಉಳಿದವು. "ಇದು ಅರ್ಧ ಅರ್ಧಾನೂ ಇಲ್ಲ" ಅಂದಳು ಅದೇ ಹುಡುಗಿ. ಬೆಳಗಿನ ತನ್ನ ಪ್ರಶ್ನೆಗೆ ಅವಳೇ ಒಂದು ಕೊಂಡಿ ಹಾಕಿಕೊಂಡಿದ್ದಳು.

ಕೊನೆಗೆ ನೆಲ. ಹಾಲ್‌ನ ಬಾಗಿಲಲ್ಲಿ ಯಾರೋ ಬೆಳಗ್ಗೆ ಸ್ವಸ್ತಿಕದ ರಂಗೋಲಿ ಹಾಕಿದ್ದರು. ನೆಲ ಮಡಿಚಲು ಬರುವುದಿಲ್ಲ, ಅದಕ್ಕೆ ನಡುಬಿಂದುವಿನ ಮೇಲೆ ದಾರ ಎಳೆದು, ಇಬ್ಬರು ಮಕ್ಕಳನ್ನು ದಾರದ ಎರಡೂ ಕಡೆ ಎದುರುಬದುರು ನಿಲ್ಲಿಸಿ, ಒಬ್ಬರು ರಂಗೋಲಿಯ ಮೂಲೆಯೊಂದನ್ನು ಬೆರಳಲ್ಲಿ ತೋರಿಸಿದರೆ ಇನ್ನೊಬ್ಬರು ದಾರದಾಚೆ ನೇರ ಎದುರಿಗೆ ಅಷ್ಟೇ ದೂರದಲ್ಲಿ ಜೊತೆಯ ಮೂಲೆ ಹುಡುಕಬೇಕು. ದಾರವನ್ನು ನೇರ, ಅಡ್ಡ, ಎರಡು ಓರೆ, ನಾಲ್ಕೂ ರೀತಿ ಎಳೆದರು. ಪ್ರತಿ ಸಲವೂ ತುದಿಯ ಕೊಕ್ಕೆ ತಪ್ಪು ಕಡೆಗೆ ತಿರುಗಿತ್ತು. ನೋಡಿದವರೆಲ್ಲ "ಎಷ್ಟು ಸಮ ಇದೆ" ಅನ್ನುವ ಸ್ವಸ್ತಿಕಕ್ಕೆ ಒಂದೂ ಮಡಿಕೆಯ ಗೆರೆ ಇಲ್ಲ.

ಹುಡುಗಿ ದಾರ ಬಿಟ್ಟು ರಂಗೋಲಿಯ ಸುತ್ತ ನಡೆದಳು, ಕಾಲು ಸುತ್ತಿಗೊಮ್ಮೆ ನಿಂತು ಬಗ್ಗಿ ನೋಡುತ್ತ. ನಾಲ್ಕನೇ ಸಲ ನಿಂತಾಗ ಹೇಳಿದಳು: "ಟೀಚರ್, ಇದು ನನ್ನ ತ್ರಿಕೋನದ ಥರ. ತಿರುಗಿಸಿದ್ರೆ ಬರುತ್ತೆ, ಮಗುಚಿದ್ರೆ ಬರಲ್ಲ."