ಫೋಟೋದಲ್ಲಿ ಕಾಣದ ಬೀಮು, ಲೆಕ್ಕಕ್ಕೆ ಬಾರದ 22 ಚೀಲ

ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಮನೆಯ ಮೋಲ್ಡ್ ಹಾಕುವ ಕೆಲಸ. ಮೇಸ್ತ್ರಿ ಸಂಜೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಸೆಂಟ್ರಿಂಗ್ ಮುಗಿದಿದೆ, ಅಂಚಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದಿದೆ: 30 ಅಡಿ 6 ಇಂಚು, 24 ಅಡಿ, ದಪ್ಪ 5 ಇಂಚು. ಮೆಟ್ಟಿಲ ಜಾಗ 10 ಅಡಿಗೆ ಆರೂವರೆ. ಕೆಳಗೆ ಒಂದೇ ಸಾಲು: "ಸಾರ್, ನಾಳೆ ಬೆಳಿಗ್ಗೆ ಸಿಮೆಂಟ್ ಎಷ್ಟು ಚೀಲ ಇಳಿಸಲಿ?"

ನಾನು ಬಸ್ಸಿನಲ್ಲಿದ್ದೆ. ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಮೂವತ್ತೂವರೆಯನ್ನು 24ರಿಂದ ಗುಣಿಸಿದರೆ 732 ಚದರ ಅಡಿ. ಮೆಟ್ಟಿಲಿನ 65 ಕಳೆದರೆ 667. ಐದು ಇಂಚು ಅಂದರೆ 5/12 ಅಡಿ, ಹಾಗಾಗಿ ಕಾಂಕ್ರೀಟು 278 ಘನ ಅಡಿ.

ಚೀಲಕ್ಕೆ ತಿರುಗಿಸಲು ನನ್ನದೊಂದು ಸುಲಭದ ದಾರಿ ಇದೆ. 50 ಕೆಜಿ ಚೀಲದಲ್ಲಿ ಸುಮಾರು ಒಂದೂಕಾಲು ಘನ ಅಡಿ ಸಿಮೆಂಟ್ ಇರುತ್ತದೆ. ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ ಸೇರಿಸಿದರೆ ಒಣಗಿದ್ದಾಗ ಆರೂಮುಕ್ಕಾಲು ಘನ ಅಡಿ ಆಗುತ್ತದೆ. ನೀರು ಬಿದ್ದ ಮೇಲೆ ಮರಳೂ ಸಿಮೆಂಟೂ ಜಲ್ಲಿಯ ಸಂದುಗಳಿಗೆ ಇಳಿಯುತ್ತವೆ. ಕೊನೆಗೆ ಸಿಗುವುದು ಸುಮಾರು 4.4 ಘನ ಅಡಿ. ಅಂದರೆ ಘನ ಅಡಿಯನ್ನು 4.4ರಿಂದ ಭಾಗಿಸಿದರೆ ಚೀಲದ ಲೆಕ್ಕ ಬರುತ್ತದೆ. 278ಕ್ಕೆ 63 ಬಂತು. ನಾಲ್ಕು ಜಾಸ್ತಿ ಸೇರಿಸಿ "67 ಸಾಕು" ಅಂದೆ.

ಮರುದಿನ ಊಟದ ಹೊತ್ತಿಗೆ 40 ಚೀಲ ಖಾಲಿ. ಮೋಲ್ಡ್ ಅರ್ಧವೂ ಆಗಿರಲಿಲ್ಲ. ಮೇಸ್ತ್ರಿ ಫೋನ್ ಮಾಡಿ, "ಸಾರ್, ನಿಮ್ಮ ಲೆಕ್ಕದಲ್ಲಿ ಬೀಮು ಸೇರಿದೆ ತಾನೇ?" ಅಂದರು.

ಸೇರಿರಲಿಲ್ಲ. ಫೋಟೋ ತೆಗೆದದ್ದು ಮೂಲೆಯಲ್ಲಿ ನಿಂತು, ಓರೆಯಾಗಿ. ಆ ಕೋನದಿಂದ ಹಲಗೆಗಳೆಲ್ಲ ಒಂದೇ ಚಪ್ಪಟೆ ನೆಲದಂತೆ ಕಾಣುತ್ತವೆ, ನಡುವಿನ ಬೀಮಿನ ಗುಂಡಿ ಬರೀ ಕಪ್ಪು ಗೆರೆ. ನಾನು ಅದನ್ನು ಹಲಗೆಯ ಸಂದು ಅಂದುಕೊಂಡಿದ್ದೆ. ಬರೆದ ಅಳತೆ ಅಷ್ಟು ಸ್ಪಷ್ಟವಾಗಿದ್ದಾಗ ಚಿತ್ರವನ್ನು ಯಾರು ನೋಡುತ್ತಾರೆ, ಅಲ್ವಾ?

ಬೀಮು 9 ಇಂಚು ಅಗಲ, 15 ಇಂಚು ಆಳ. ಈ 15ರಲ್ಲಿ ಮೋಲ್ಡಿನ 5 ಇಂಚೂ ಸೇರಿರುವುದರಿಂದ ಕೆಳಗೆ ಇಳಿದಿರುವುದು 10 ಇಂಚು ಮಾತ್ರ. ಇಲ್ಲಿ ಸುಮ್ನೆ 15 ಎಂದು ಹಾಕಿದರೆ ಅದೇ ಕಾಂಕ್ರೀಟು ಎರಡು ಸಲ ಲೆಕ್ಕಕ್ಕೆ ಬಂದು, ಈ ಮನೆಗೆ 11 ಚೀಲ ಜಾಸ್ತಿ ತೋರಿಸುತ್ತದೆ. ಉದ್ದಕ್ಕೆ ಮೂರು ಸಾಲು, ಅಡ್ಡಕ್ಕೆ ಮೂರು ಸಾಲು. ಕೂಡುವ ಜಾಗ ಕಳೆದರೆ ಒಟ್ಟು ಸುಮಾರು 157 ಅಡಿ. ಮುಕ್ಕಾಲು ಅಡಿ ಅಗಲ, 10 ಇಂಚು ಆಳಕ್ಕೆ 98 ಘನ ಅಡಿ ಆಯಿತು. ಮೋಲ್ಡಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಸರಿಯಾದ ಲೆಕ್ಕ 376 ಘನ ಅಡಿ, 86 ಚೀಲ. ಚೆಲ್ಲುವುದು, ಮಿಲ್ಲರ್‌ಗೆ ಅಂಟುವುದು ಸೇರಿಸಿದರೆ 89.

ಕೊರತೆ 22 ಚೀಲ. ಅಂಗಡಿಯಿಂದ ಬರುವವರೆಗೆ ಕೆಲಸ ನಿಲ್ಲಲೇಬೇಕಾಯಿತು. ಮೇಸ್ತ್ರಿ ಅನುಭವಸ್ಥರು. ಉಳಿದ ಚೀಲಗಳನ್ನು ಲೆಕ್ಕವಿಟ್ಟು, ಎರಡು ಬೀಮುಗಳ ನಡುವೆ ಅರ್ಧ ದೂರದಲ್ಲಿ ರೀಪು ನಿಲ್ಲಿಸಿ, ಕಾಂಕ್ರೀಟಿನ ಅಂಚನ್ನು ನೇರವಾಗಿ ಕತ್ತರಿಸಿದಂತೆ ಮುಗಿಸಿದರು. ಬೀಮಿನ ಪಕ್ಕದಲ್ಲಿ, ಅದೂ ಇಳಿಜಾರಾಗಿ ಬಿಟ್ಟಿದ್ದರೆ ಅಲ್ಲಿ ಜೋಡಣೆ ಸಡಿಲವಾಗುತ್ತಿತ್ತು. ಚೀಲ ಬಂದ ಮೇಲೆ ರೀಪು ತೆಗೆದು, ಅಂಚಿಗೆ ಸಿಮೆಂಟ್ ಹಾಲು ಬಳಿದು ಮುಂದುವರಿಸಿದರು. ಮನೆಯ ಯಜಮಾನರು ನನ್ನ ಜೊತೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಈಗ ನಾನು ಫೋಟೋ ಎರಡು ಕೇಳುತ್ತೇನೆ. ಎರಡನೆಯದು ಕೆಳಗಿನಿಂದ, ತಲೆ ಎತ್ತಿ ತೆಗೆದದ್ದು. ಅಲ್ಲಿಂದ ಬೀಮಿನ ಪೆಟ್ಟಿಗೆಗಳು ಜೋತುಬಿದ್ದಂತೆ ಕಾಣುತ್ತವೆ, ಎಣಿಸಬಹುದು. ಟೇಪ್ ಹಿಡಿದೇ ಆಳ ತೋರಿಸಿ ಎನ್ನುತ್ತೇನೆ.

ಅಂದು ಕೊನೆಗೆ ಖರ್ಚಾದದ್ದು 93 ಚೀಲ, ನನ್ನ ಹೊಸ ಲೆಕ್ಕಕ್ಕಿಂತ ನಾಲ್ಕು ಜಾಸ್ತಿ. ಸಂಜೆ ನಾನೇ ಹೋಗಿ ಹಸಿ ಕಾಂಕ್ರೀಟಿಗೆ ಅಲ್ಲಲ್ಲಿ ಕಂಬಿ ಚುಚ್ಚಿ ನೋಡಿದೆ. ಅಂಚಿನಲ್ಲಿ ಐದೇ ಇಂಚು, ನಡುವೆ ಕೆಲವು ಕಡೆ ಐದೂವರೆ. ಭಾರಕ್ಕೆ ಹಲಗೆ ತಗ್ಗಿತ್ತು. ಇಷ್ಟು ಜಾಗಕ್ಕೆ ಪೂರ್ತಿ ಅರ್ಧ ಇಂಚು ತಗ್ಗಿದರೆ ಆರಕ್ಕಿಂತ ಜಾಸ್ತಿ ಚೀಲ ಹೋಗುತ್ತದೆ, ಆದರೆ ಸೀಮೆಸುಣ್ಣದಲ್ಲಿ ಬರೆದ '5' ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಮುಂದಿನ ಮನೆಗೆ ಹಿಂದಿನ ದಿನವೇ ಹೋಗಿ, ಹಲಗೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ದಾರ ಎಳೆದು ನೋಡಿ, ನಡುವೆ ಇನ್ನೂ ಎಂಟು ಆಸರೆ ಕಂಬ ಕೊಡಿಸಿದೆ.